ಹಾಜರಿ ಮೊತ್ತ ತಾಳೆಯಾಗದಿದ್ದಾಗ: ತೋಟದ ಕಚೇರಿಯ ಹೊಸ ಸಹಾಯಕರಿಗೆ ಹಸ್ತಾಂತರ ಟಿಪ್ಪಣಿ

ಈ ತಿಂಗಳ ಕೊನೆಗೆ ನಾನು ಕೆಲಸ ಬಿಡುತ್ತಿದ್ದೇನೆ. ಬೀಗದ ಕೈ, ಕಡತಗಳು, ಸ್ಟೋರಿನ ರಿಜಿಸ್ಟರ್ ಇವನ್ನೆಲ್ಲ ಮ್ಯಾನೇಜರ್ ಎದುರಿನಲ್ಲೇ ಒಪ್ಪಿಸಿದ್ದೇನೆ. ಆದರೆ ಪ್ರತಿ ತಿಂಗಳ ಮೊದಲ ವಾರ ನಾಲ್ಕು ಡಿವಿಷನ್‌ಗಳ ಹಾಜರಿ ಹಾಳೆಗಳನ್ನು ಸ್ಕ್ಯಾನ್ ಮಾಡಿ ಒಂದೇ ಎಕ್ಸೆಲ್ ಕಡತಕ್ಕೆ ಇಳಿಸುವ ಕೆಲಸವನ್ನು ಬಾಯಿಮಾತಿನಲ್ಲಿ ಒಪ್ಪಿಸಿ ಹೋಗುವುದು ಸರಿಯಲ್ಲ. ಇಳಿಸುವುದೇನೋ ಅರ್ಧ ಗಂಟೆಯ ಕೆಲಸ. ಇಳಿಸಿದ ಮೇಲೆ ಮೊತ್ತ ತಾಳೆಯಾಗುವುದಿಲ್ಲ. ಏಕೆ ಆಗಲಿಲ್ಲ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಹೆಚ್ಚು ಜಾಗ ಆ ಹುಡುಕಾಟಕ್ಕೇ ಮೀಸಲು.

ಹಾಜರಿಯನ್ನು ಪೆನ್‌ಡ್ರೈವ್‌ನಲ್ಲಿ ಏಕೆ ತರಿಸಬಾರದು ಎಂಬ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಡಿವಿಷನ್‌ಗಳಲ್ಲಿರುವ ಹಳೆಯ ತಂತ್ರಾಂಶ ಮುದ್ರಿಸುತ್ತದೆ, ಅಷ್ಟೇ. ಅದೂ ಅಲ್ಲದೆ ಮುದ್ರಣವಾದ ಮೇಲೆ ರೈಟರ್ ಪೆನ್ನಿನಲ್ಲಿ ತಿದ್ದಿ ಸಹಿ ಹಾಕುವುದುಂಟು. ಸಹಿಯಾದ ಕಾಗದವೇ ದಾಖಲೆ. ನಮ್ಮ ಎಕ್ಸೆಲ್ ಕಡತ ಆ ಕಾಗದದ ನಕಲು ಮಾತ್ರ, ಎರಡರಲ್ಲಿ ಭೇದ ಬಂದರೆ ಕಾಗದದ ಮಾತೇ ಗೆಲ್ಲಬೇಕು.

ಶೀಟಿನ ರಚನೆ

ಹಾಳೆಯಲ್ಲಿ ಲೇಬರ್ ನಂಬರ್, ಹೆಸರು, 1ರಿಂದ 31ರವರೆಗೆ ದಿನಗಳು, ಕೊನೆಗೆ ಆ ಕೆಲಸಗಾರರ ಒಟ್ಟು ಹಾಜರಿ ಇರುತ್ತದೆ. ಪೂರ್ತಿ ದಿನಕ್ಕೆ 1, ಅರ್ಧ ದಿನಕ್ಕೆ 0.5, ಭಾನುವಾರಕ್ಕೆ `W`, ಹಬ್ಬದ ರಜೆಗೆ `H`. ಗೈರುಹಾಜರಿಯನ್ನು ಒಂದು ಮತ್ತು ಎರಡನೆಯ ಡಿವಿಷನ್‌ನವರು 0 ಎಂದು ಮುದ್ರಿಸುತ್ತಾರೆ. ಮೂರು ಮತ್ತು ನಾಲ್ಕರಲ್ಲಿ ಆ ಸೌಲಭ್ಯವಿಲ್ಲ, ಅಲ್ಲಿ ಗೈರುಹಾಜರಿ ಎಂದರೆ ಖಾಲಿ ಚೌಕ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ, ನಮ್ಮ ದೋಷಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಹಾಳೆಯ ಅಡಿಯಲ್ಲಿ ದಿನವಾರು ಮೊತ್ತವೂ ಮುದ್ರಣವಾಗಿರುತ್ತದೆ. ಅಡ್ಡ ಮೊತ್ತ ಮತ್ತು ಉದ್ದ ಮೊತ್ತ ಎರಡೂ ಕಾಗದದ ಮೇಲೆಯೇ ಇರುವುದು ನಮ್ಮ ಪುಣ್ಯ. ದೋಷ ಹಿಡಿಯುವುದಕ್ಕೆ ಇವೆರಡೇ ಆಧಾರ.

ಪ್ರತಿ ಡಿವಿಷನ್‌ಗೆ ಒಂದೊಂದು ಶೀಟ್: `D1`, `D2`, `D3`, `D4`. A4 ಸೆಲ್ ಮೇಲೆ ನಿಂತು `Data` ಪಟ್ಟಿಯಲ್ಲಿ `From Picture` ಒತ್ತಿ ಸ್ಕ್ಯಾನ್ ಮಾಡಿದ ಚಿತ್ರವನ್ನು ಆರಿಸಿದರೆ ಬಲಗಡೆ ಒಂದು ಕಿಟಕಿ ತೆರೆದು ಓದಿದ ಕೋಷ್ಟಕವನ್ನು ತೋರಿಸುತ್ತದೆ. ಸಂಶಯವಿರುವ ಸೆಲ್‌ಗಳಿಗೆ ಅದೇ ಬಣ್ಣ ಹಚ್ಚಿರುತ್ತದೆ. ಅವನ್ನು ನೋಡಿ ಸರಿಪಡಿಸಿ `Insert Data` ಒತ್ತಿ. ಕನ್ನಡ ಲಿಪಿಯನ್ನು ಅದು ಓದುವುದಿಲ್ಲವಾದ್ದರಿಂದ ಹೆಸರಿನ ಕಾಲಂನಲ್ಲಿ ಏನೇನೋ ಅಕ್ಷರ ಬರುತ್ತವೆ. ಅದಕ್ಕೆ ಬೆಲೆ ಕೊಡಬೇಡಿ, ಹೆಸರುಗಳು `Master` ಶೀಟಿನಿಂದ ಲೇಬರ್ ನಂಬರ್ ಹಿಡಿದು ಬರುತ್ತವೆ.

ಇಳಿಸಿದ ಮೇಲೆ ಕೊನೆಯ ಕೆಲಸಗಾರರ ಕೆಳಗೆ ಬಂದು ಕೂತಿರುವ ದಿನವಾರು ಮೊತ್ತದ ಸಾಲನ್ನು ಅಲ್ಲಿಂದ ತೆಗೆದು 62ನೇ ಸಾಲಿಗೆ ಹಾಕಿ. ಮರೆತರೆ ಎಲ್ಲ ಕಾಲಂಗಳ ಮೊತ್ತವೂ ಒಂದಕ್ಕೆರಡಾಗುತ್ತದೆ. ಎಲ್ಲವೂ ಸರಿಯಾಗಿ ಎರಡರಷ್ಟು ಕಂಡರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಈಗ ದಿನಗಳು C ಕಾಲಂನಿಂದ AG ಕಾಲಂವರೆಗೆ, ಕಾಗದದ ಒಟ್ಟು AHನಲ್ಲಿ. ಅದರ ಪಕ್ಕಕ್ಕೆ ನಮ್ಮ ಪರೀಕ್ಷೆಯ ಸೂತ್ರಗಳು:

```
AI4:  =SUM(C4:AG4)
AJ4:  =AI4-AH4
AK4:  =SUMPRODUCT(--ISTEXT(C4:AG4))
AL4:  =COUNTIF(Master!$A:$A,A4)*COUNTIF($A$4:$A$60,A4)
C63:  =SUM(C4:C60)
C64:  =C63-C62
AI63: =SUM(AI4:AI60)
AI64: =AI63-AH62
```

ಮೊದಲ ನಾಲ್ಕನ್ನು ಕೊನೆಯ ಕೆಲಸಗಾರರ ಸಾಲಿನವರೆಗೆ ಕೆಳಕ್ಕೆ, C63 ಮತ್ತು C64 ಎರಡನ್ನು AGವರೆಗೆ ಬಲಕ್ಕೆ ಎಳೆಯಿರಿ. AJ ಕಾಲಂ ಪೂರ್ತಿ ಸೊನ್ನೆ, 64ನೇ ಸಾಲು ಪೂರ್ತಿ ಸೊನ್ನೆ, AK ಕಾಲಂನಲ್ಲಿ ಆ ತಿಂಗಳ ಭಾನುವಾರ ಮತ್ತು ರಜೆಗಳ ಸಂಖ್ಯೆ, ALನಲ್ಲಿ ಎಲ್ಲ ಕಡೆ 1. ಹೀಗಿದ್ದರೆ ಶೀಟ್ ಸರಿ. ಭಾನುವಾರ ಕೆಲಸ ಮಾಡಿದವರ ಸಾಲಿನಲ್ಲಿ ಮಾತ್ರ AK ಅಷ್ಟರಮಟ್ಟಿಗೆ ಕಡಿಮೆ ಬರುತ್ತದೆ. ಕೈಲ್‌ಪೋಳ್ದ್, ಕಾವೇರಿ ಸಂಕ್ರಮಣ, ಹುತ್ತರಿ ಬರುವ ತಿಂಗಳಲ್ಲಿ `H` ಎಷ್ಟು ಎಂದು ಮೊದಲೇ ಎಣಿಸಿ ಬರೆದಿಟ್ಟುಕೊಳ್ಳಿ.

ಮೊದಲು ಜರುಗಿದ ಸಾಲು, ಆಮೇಲೆ ತಪ್ಪಿದ ಸೆಲ್

64ನೇ ಸಾಲಿನಲ್ಲಿ ಹತ್ತು ಕಡೆ ವ್ಯತ್ಯಾಸ ಕಂಡ ತಕ್ಷಣ ಒಂದೊಂದೇ ಕಾಲಂ ಹಿಡಿದು ತಿದ್ದಲು ಹೊರಡಬೇಡಿ. ಆ ಹತ್ತರಲ್ಲಿ ಎಂಟು ಒಂದೇ ಸಾಲಿನ ಪ್ರತಾಪ ಆಗಿರಬಹುದು. ಮೂರನೆಯ ಡಿವಿಷನ್‌ನ 2025ರ ಜುಲೈ ಹಾಳೆಯ ಸ್ಕ್ಯಾನ್ ಕಡತದಲ್ಲಿದೆ. ಅದನ್ನು ತೆರೆದಿಟ್ಟುಕೊಂಡು ಮುಂದಿನದನ್ನು ಓದಿ, ಅದರಲ್ಲಿ ನಮಗೆ ಬೇಕಾದ ದೋಷಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಆ ಹಾಳೆಯಲ್ಲಿ 26 ಕೆಲಸಗಾರರು. ಕಾಗದದ ಪ್ರಕಾರ ಒಟ್ಟು 561.5, ಇಳಿಸಿದಾಗ ಬಂದದ್ದು 591. ಅಂದರೆ 29.5 ಹೆಚ್ಚು. AJ ಕಾಲಂನಲ್ಲಿ ಸೊನ್ನೆಯಲ್ಲದ ಸಾಲುಗಳು ಮೂರೇ: 308ಕ್ಕೆ 52, 317ಕ್ಕೆ −1, 322ಕ್ಕೆ 4.5. 64ನೇ ಸಾಲಿನಲ್ಲಾದರೋ ಹತ್ತು ಕಾಲಂಗಳಲ್ಲಿ ವ್ಯತ್ಯಾಸವಿತ್ತು.

ಇಲ್ಲಿ ಮೊದಲು ನೋಡಬೇಕಾದದ್ದು 308. ಅದರ ವ್ಯತ್ಯಾಸ ದೊಡ್ಡದು ಎಂಬುದು ಕಾರಣವಲ್ಲ. ಆ ಸಾಲಿನಲ್ಲಿ AH ಸೆಲ್, ಅಂದರೆ ಕಾಗದದ ಒಟ್ಟು ಇರಬೇಕಾದ ಜಾಗ, ಖಾಲಿ. ಕಾಗದದಲ್ಲಿ ಒಟ್ಟು 26 ಎಂದು ಸ್ಪಷ್ಟವಾಗಿ ಮುದ್ರಣವಾಗಿದೆ. ಹಾಗಾದರೆ ಆ 26 ಎಲ್ಲಿ ಹೋಯಿತು? ಒಂದು ಸೆಲ್ ಎಡಕ್ಕೆ, AGಯಲ್ಲಿ, ಅಂದರೆ 31ನೇ ತಾರೀಖಿನ ಕಾಲಂನಲ್ಲಿ ಕೂತಿದೆ. ಒಬ್ಬರು ಒಂದೇ ದಿನದಲ್ಲಿ 26 ದಿನದ ಹಾಜರಿ ಕೊಡಲು ಸಾಧ್ಯವಿಲ್ಲ. ದಿನಗಳ ಮೊತ್ತದ ಜೊತೆಗೆ ಈ 26 ಕೂಡ ಸೇರಿ 52 ಆಗಿದೆ. ಇಡೀ ಸಾಲು ಎಲ್ಲೋ ಒಂದು ಕಡೆಯಿಂದ ಎಡಕ್ಕೆ ಜರುಗಿದೆ ಎಂದು ಇಷ್ಟರಿಂದಲೇ ಹೇಳಬಹುದು.

ಜರುಗಲು ಕಾರಣ ಖಾಲಿ ಚೌಕ. ಗೆರೆಗಳು ಮಸುಕಾಗಿ ಮುದ್ರಣವಾಗಿದ್ದರೆ ಓದುವ ತಂತ್ರಾಂಶಕ್ಕೆ ಅಲ್ಲೊಂದು ಚೌಕವಿದೆ ಎಂಬುದೇ ತಿಳಿಯುವುದಿಲ್ಲ. ಮುಂದಿನ ಅಂಕಿಯನ್ನು ಹಿಂದಕ್ಕೆ ಎಳೆದು ಜೋಡಿಸಿಬಿಡುತ್ತದೆ. ಒಂದು ಮತ್ತು ಎರಡನೆಯ ಡಿವಿಷನ್‌ನಲ್ಲಿ ಗೈರುಹಾಜರಿಯ ಜಾಗದಲ್ಲಿ 0 ಇರುವುದರಿಂದ ಈ ತೊಂದರೆ ಇಲ್ಲವೆನ್ನುವಷ್ಟು ಅಪರೂಪ.

ಎಲ್ಲಿಂದ ಜರುಗಿದೆ ಎಂದು ಕಂಡುಹಿಡಿಯಲು ಭಾನುವಾರಗಳನ್ನು ನೋಡಿ. `W` ನಮಗೆ ತೋಟದ ಗಡಿಕಲ್ಲು ಇದ್ದಂತೆ, ಎಲ್ಲ ಸಾಲಿನಲ್ಲೂ ಅದು ಒಂದೇ ನೇರದಲ್ಲಿ ನಿಂತಿರಬೇಕು. 2025ರ ಜುಲೈನಲ್ಲಿ ಭಾನುವಾರಗಳು 6, 13, 20 ಮತ್ತು 27. ಕಾಲಂಗಳು H, O, V, AC. 308ರ ಸಾಲಿನಲ್ಲಿ ಮೊದಲ `W` ಸರಿಯಾಗಿ Hನಲ್ಲೇ ಇದೆ. ಎರಡನೆಯದು Oನಲ್ಲಿ ಇರಬೇಕಾದದ್ದು Nನಲ್ಲಿದೆ. ಅಂದಮೇಲೆ 6ನೇ ತಾರೀಖಿನವರೆಗೆ ಸಾಲು ಸರಿಯಿದೆ, 7ರಿಂದ 12ರ ಒಳಗೆ ಎಲ್ಲೋ ಒಂದು ಖಾಲಿ ಚೌಕ ನುಂಗಿಹೋಗಿದೆ. ಹುಡುಕುವ ಜಾಗ ಮೂವತ್ತೊಂದರಿಂದ ಆರು ಸೆಲ್‌ಗೆ ಇಳಿಯಿತು. ಈಗ ಸ್ಕ್ಯಾನ್ ಚಿತ್ರವನ್ನು ದೊಡ್ಡದು ಮಾಡಿ ಆ ಆರನ್ನು ಮಾತ್ರ ಓದಿ: 10ನೇ ತಾರೀಖು ಖಾಲಿ. ಅಡಿಯ ಸಾಲೂ ಇದನ್ನೇ ಹೇಳುತ್ತದೆ. 10ರ ಕಾಲಂನಲ್ಲಿ ಕಾಗದಕ್ಕಿಂತ 1 ಹೆಚ್ಚು, ಏಕೆಂದರೆ ಖಾಲಿ ಇರಬೇಕಾದಲ್ಲಿ 11ರ ಹಾಜರಿ ಬಂದು ಕೂತಿದೆ. 12ರಲ್ಲಿ 1 ಕಡಿಮೆ, 13ರಲ್ಲಿ 1 ಹೆಚ್ಚು. 19 ಮತ್ತು 20ರಲ್ಲಿ, 26 ಮತ್ತು 27ರಲ್ಲಿ ಇದೇ ಜೋಡಿ. ಪ್ರತಿ ಭಾನುವಾರದ ಸುತ್ತ ಹೀಗೆ ಒಂದು ಕಡಿಮೆ, ಒಂದು ಹೆಚ್ಚು ಎಂಬ ಜೋಡಿ ಕಂಡರೆ ಸಾಲು ಜರುಗಿದೆ ಎಂದು ನೋಡಿದ ಕೂಡಲೇ ತಿಳಿಯಬೇಕು. ಕೊನೆಗೆ 31ರಲ್ಲಿ 25 ಹೆಚ್ಚು: ಇರಬೇಕಾದದ್ದು 1, ಬಂದದ್ದು 26.

ಸರಿಪಡಿಸುವಾಗ ಎರಡು ಎಚ್ಚರಿಕೆ. L ಸೆಲ್ ಮೇಲೆ ನಿಂತು `Insert`, `Shift cells right` ಎಂದು ಮಾಡಬೇಡಿ. ದಿನಗಳ ಜೊತೆಗೆ ಬಲಗಡೆಯ ನಮ್ಮ ಸೂತ್ರಗಳೂ ಒಂದೊಂದು ಸೆಲ್ ಆಚೆಗೆ ಹೋಗುತ್ತವೆ. ಕತ್ತರಿಸಿ ಅಂಟಿಸುವುದೂ ಬೇಡ. ಕತ್ತರಿಸಿದ ಸೆಲ್‌ಗಳ ಬೆನ್ನು ಹಿಡಿದು ಸೂತ್ರದ ವ್ಯಾಪ್ತಿಯೇ ಬದಲಾಗಬಹುದು. ಆ ಸಾಲಿನ L ನಿಂದ AGವರೆಗೆ ಆರಿಸಿ, ನಕಲು ಮಾಡಿ, M ಸೆಲ್ ಮೇಲೆ ನಿಂತು `Paste Values` ಕೊಡಿ. ಆಮೇಲೆ L ಸೆಲ್ ಅನ್ನು `Delete` ಕೀಲಿಯಿಂದ ಖಾಲಿ ಮಾಡಿ. 26 ತನ್ನ ಜಾಗವಾದ AHಗೆ ಬರುತ್ತದೆ, `W`ಗಳು ನೇರಕ್ಕೆ ನಿಲ್ಲುತ್ತವೆ, 64ನೇ ಸಾಲಿನ ಹತ್ತು ವ್ಯತ್ಯಾಸಗಳಲ್ಲಿ ಎಂಟು ಒಮ್ಮೆಗೇ ಮಾಯವಾಗುತ್ತವೆ. ಜರುಗಿದ ಸಾಲನ್ನು ಮೊದಲು ಹಿಡಿಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಉಳಿದ ಎರಡೇ ನಿಜವಾದ ಸೆಲ್ ದೋಷಗಳು.

ಒಂದೇ ಸಾಲಿನಲ್ಲಿ ಎರಡು ಖಾಲಿ ಚೌಕಗಳು ಹೋಗಿದ್ದರೆ ಒಟ್ಟು AFನಲ್ಲಿ ಕೂತಿರುತ್ತದೆ. ಆಗಲೂ ಕ್ರಮ ಅದೇ, ಎಡಗಡೆಯದನ್ನು ಮೊದಲು ಸರಿಪಡಿಸಿ ಮತ್ತೆ `W`ಗಳನ್ನು ನೋಡಿ. ಜುಲೈ, ಆಗಸ್ಟ್ ಮಳೆಯಲ್ಲಿ ಗೈರುಹಾಜರಿ ಹೆಚ್ಚಾದ್ದರಿಂದ ಇಂಥ ಸಾಲುಗಳೂ ಹೆಚ್ಚು. ಆರೇಳು ಚೌಕ ಹೋದ ಸಾಲನ್ನು ಜರುಗಿಸುತ್ತಾ ಕೂರುವುದಕ್ಕಿಂತ ಅಳಿಸಿ ಕೈಯಿಂದಲೇ ಹೊಡೆಯುವುದು ಬೇಗ ಮುಗಿಯುತ್ತದೆ.

ಅಪರೂಪಕ್ಕೆ ಸಾಲು ಬಲಕ್ಕೂ ಜರುಗುತ್ತದೆ. ಹೆಸರಿನ ನಡುವೆ ಅಂತರ ಹೆಚ್ಚಿದ್ದರೆ ತಂತ್ರಾಂಶ ಒಂದು ಹೆಸರನ್ನು ಎರಡು ಕಾಲಂ ಮಾಡುತ್ತದೆ. ಆಗ `W` ಸೋಮವಾರದ ಕಾಲಂಗೆ ಬಂದಿರುತ್ತದೆ, AHನಲ್ಲಿ ಒಟ್ಟಿನ ಬದಲು 31ರ ಹಾಜರಿ ಇರುತ್ತದೆ. ಒಟ್ಟು AIಗೆ ಹೋಗಿ ನಮ್ಮ ಸೂತ್ರದ ಅಡಿ ಅಳಿಸಿಹೋಗಿರುವುದರಿಂದ ಅದನ್ನು ಕಾಗದ ನೋಡಿಯೇ ಹೊಡೆಯಬೇಕು.

ಇನ್ನೊಂದು ಮಾತು. 30 ದಿನದ ತಿಂಗಳಲ್ಲಿ ಹಾಳೆಯ ಮೇಲೆ 31ರ ಕಾಲಂ ಇರುವುದೇ ಇಲ್ಲ. ಆದ್ದರಿಂದ ಎಲ್ಲ ಸಾಲುಗಳಲ್ಲೂ ಒಟ್ಟು AGಯಲ್ಲಿ ಬಂದು AH ಖಾಲಿ ಕಾಣುತ್ತದೆ. ಇದು ದೋಷವಲ್ಲ. ಒಟ್ಟಿನ ಕಾಲಂ ಪೂರ್ತಿ AHಗೆ ನಕಲು ಮಾಡಿ AG ಖಾಲಿ ಬಿಡಿ. ಫೆಬ್ರವರಿಯಲ್ಲಿ ಒಟ್ಟು AE ಅಥವಾ AFನಲ್ಲಿ ಬರುತ್ತದೆ, ಅದನ್ನೂ ಹೀಗೆಯೇ AHಗೆ ತನ್ನಿ.

ವ್ಯತ್ಯಾಸದ ಅಂಕಿಯೇ ಸುಳಿವು

ಉಳಿದದ್ದು 317 ಮತ್ತು 322. ಈಗ ಒಂದು ಸಾಲಿನ ವ್ಯತ್ಯಾಸವೂ ಒಂದು ಕಾಲಂನ ವ್ಯತ್ಯಾಸವೂ ಸಮನಾಗಿರುತ್ತವೆ. ಎರಡೂ ಕೂಡುವ ಸೆಲ್ಲೇ ತಪ್ಪಿದ ಸೆಲ್. 317ರ ಸಾಲಿನಲ್ಲಿ −1, 9ನೇ ತಾರೀಖಿನ ಕಾಲಂನಲ್ಲಿ −1. ಹಾಗಾಗಿ K ಕಾಲಂನ ಸೆಲ್. ಅಲ್ಲಿ ನೋಡಿದರೆ 1 ಇದ್ದೇ ಇದೆ! ಹೊಸಬರು ಇಲ್ಲಿಯೇ ಗೊಂದಲಕ್ಕೆ ಬೀಳುತ್ತಾರೆ. AK ಕಾಲಂ ನೋಡಿ: ಜುಲೈಯಲ್ಲಿ ನಾಲ್ಕು ಇರಬೇಕಾದದ್ದು ಐದು ಎನ್ನುತ್ತಿದೆ. ಅಂದರೆ ಆ 1 ಅಂಕಿಯಲ್ಲ, ಅಕ್ಷರ. ಇಂಗ್ಲಿಷಿನ ಸಣ್ಣ `l` ಆಗಿರಬಹುದು, ದೊಡ್ಡ `I` ಆಗಿರಬಹುದು, ಅಥವಾ ಪಕ್ಕದಲ್ಲಿ ಕಾಣದ ಚಿಹ್ನೆ ಅಂಟಿಕೊಂಡ 1 ಆಗಿರಬಹುದು. `SUM` ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಕಿಗಳು ಸೆಲ್‌ನ ಬಲಕ್ಕೆ ಒತ್ತಿಕೊಂಡು, ಅಕ್ಷರಗಳು ಎಡಕ್ಕೆ ಒತ್ತಿಕೊಂಡು ಕಾಣುವುದರಿಂದ ಕಣ್ಣಿಗೂ ಗೊತ್ತಾಗುತ್ತದೆ. ಆದರೆ ಯಾರಾದರೂ ಅಂದಕ್ಕೆಂದು ಎಲ್ಲವನ್ನೂ ನಡುವಿಗೆ ತಂದಿದ್ದರೆ ಆ ಸುಳಿವು ಹೋಗಿಬಿಡುತ್ತದೆ. ಪರೀಕ್ಷೆ ಮುಗಿಯುವವರೆಗೆ ಜೋಡಣೆ ಬದಲಿಸಬೇಡಿ.

322ರಲ್ಲಿ 4.5 ಹೆಚ್ಚು, 17ನೇ ತಾರೀಖಿನಲ್ಲೂ 4.5 ಹೆಚ್ಚು. ಈ 4.5 ಕಂಡ ಕ್ಷಣ ಕಾಗದ ತೆಗೆಯುವ ಮೊದಲೇ ಕಾರಣ ಹೇಳಬಹುದು. 0.5ರ ಚುಕ್ಕಿ ಸ್ಕ್ಯಾನ್‌ನಲ್ಲಿ ಹೋಗಿ 05 ಆಗಿದೆ, ಎಕ್ಸೆಲ್ ಅದನ್ನು 5 ಎಂದು ಇಟ್ಟುಕೊಂಡಿದೆ. ಅರ್ಧ ದಿನ ಹೋಗಿ ಐದು ದಿನವಾಯಿತು. 10 ಹೆಚ್ಚು ಕಂಡರೆ ಚೌಕದ ಗೆರೆಯನ್ನು ಒಂದು 1 ಎಂದು ಓದಿ 11 ಮಾಡಿದೆ. ಬರೀ 1 ಹೆಚ್ಚಿದ್ದರೆ ಖಾಲಿ ಚೌಕದ ಗೆರೆಯೇ 1 ಆಗಿ ಬಂದಿರುತ್ತದೆ. ಈ ನಾಲ್ಕರ ಹೊರತಾದ ಅಂಕಿ ಕಂಡರೆ ಒಂದೇ ಸಾಲಿನಲ್ಲಿ ಎರಡು ದೋಷ ಸೇರಿಕೊಂಡಿರಬಹುದು ಎಂದು ಬಿಡಿಸಿ ನೋಡಿ. ಉದಾಹರಣೆಗೆ 3.5 ಎಂದರೆ ಒಂದು ಚುಕ್ಕಿ ಹೋಗಿದೆ, ಜೊತೆಗೆ ಒಂದು 1 ಅಕ್ಷರವಾಗಿದೆ.

ಮೂರೂ ಸರಿಪಡಿಸಿದ ಮೇಲೆ D3ರ ಮೊತ್ತ 561.5 ಬಂತು, AI64 ಸೊನ್ನೆಯಾಯಿತು. ಕೊನೆಯ ಮೊತ್ತವನ್ನು ಮಾತ್ರ ನೋಡಿ 29.5 ಎಲ್ಲಿಂದ ಬಂತೆಂದು ಹುಡುಕಿದ್ದರೆ ಈ ಮೂರು ಕಾರಣಗಳನ್ನು ಬಿಡಿಸುವುದು ಸಾಧ್ಯವಿರಲಿಲ್ಲ.

ಒಂದೇ ಕಾಲಂ ಪೂರ್ತಿ ಕೆಟ್ಟಿದ್ದರೆ

ಒಂದೇ ಕಾಲಂನಲ್ಲಿ ಹಲವು ಸಾಲುಗಳು 1 ಅಥವಾ 10 ಹೆಚ್ಚು ತೋರಿಸಿದರೆ ಸೆಲ್ ತಿದ್ದಬೇಡಿ, ಸ್ಕ್ಯಾನರ್ ನೋಡಿ. ಹಾಳೆ ತಾನಾಗಿ ಎಳೆದುಕೊಳ್ಳುವ ಭಾಗದಲ್ಲಿ ಮುಖ್ಯ ಗಾಜಿನ ಪಕ್ಕಕ್ಕೆ ಒಂದು ಕಿರಿದಾದ ಗಾಜಿನ ಪಟ್ಟಿ ಇದೆ. ಅದರ ಮೇಲೆ ಸಣ್ಣ ಕೊಳೆ ಕೂತರೂ ಹಾಳೆಯ ಉದ್ದಕ್ಕೂ ಒಂದು ಕಪ್ಪು ಗೆರೆ ಬೀಳುತ್ತದೆ, ಏಕೆಂದರೆ ಕೊಳೆ ನಿಂತಲ್ಲೇ ಇದ್ದು ಹಾಳೆ ಅದರ ಮೇಲೆ ಸಾಗುತ್ತದೆ. ಆ ಗೆರೆಯನ್ನು ತಂತ್ರಾಂಶ 1 ಎಂದು ಓದುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಹಾಳೆಯನ್ನು ಮತ್ತೆ ಸ್ಕ್ಯಾನ್ ಮಾಡಿ, ಶೀಟ್ ಖಾಲಿ ಮಾಡಿ ಮೊದಲಿನಿಂದ ಇಳಿಸಿ.

ಚುಕ್ಕಿ ಹೋಗುವ ದೋಷ ಒಂದೇ ಹಾಳೆಯಲ್ಲಿ ನಾಲ್ಕಾರು ಕಡೆ ಕಂಡರೆ ಸ್ಕ್ಯಾನ್‌ನ ಹೊಂದಾಣಿಕೆ ಬದಲಾಗಿದೆ ಎಂದೇ ಅರ್ಥ. 300 `dpi`, `Grayscale`, `PNG` ಇರಬೇಕು. ಬೇರೆಯವರು ಕಾಗದಪತ್ರ ಸ್ಕ್ಯಾನ್ ಮಾಡಲು ಬಂದು `Black & White` ಇಟ್ಟು ಹೋಗಿರುತ್ತಾರೆ. ಅದರಲ್ಲಿ ಬೂದು ಬಣ್ಣಕ್ಕೆ ಜಾಗವಿಲ್ಲ, ಮಸುಕಾದ ಚುಕ್ಕಿ ಬಿಳಿಯಾಗಿಬಿಡುತ್ತದೆ. ಹಾಳೆಯ ಅಳತೆಯನ್ನೂ ನೋಡಿ. ನಮ್ಮದು ಲೀಗಲ್ ಅಳತೆ. ಸ್ಕ್ಯಾನರ್ ಎ4ರಲ್ಲಿ ನಿಂತಿದ್ದರೆ ಹಾಳೆಯ ಒಂದು ಅಂಚು ಸ್ಕ್ಯಾನ್‌ಗೆ ಸಿಗದೆ ಕತ್ತರಿಸಿಹೋಗುತ್ತದೆ. ಆ ಅಂಚಿನಲ್ಲಿದ್ದ ಅಂಕಿಗಳೂ ಹೋಗಿರುತ್ತವೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆಗಳು ಜೀಪಿನಲ್ಲಿ ಬರುವಷ್ಟರಲ್ಲಿ ಥಂಡಿ ಹಿಡಿದು ಮೆತ್ತಗಾಗಿರುತ್ತವೆ. ತಾನಾಗಿ ಎಳೆದುಕೊಳ್ಳುವ ಭಾಗಕ್ಕೆ ಹಾಕಿದರೆ ಎರಡು ಹಾಳೆ ಒಟ್ಟಿಗೆ ಹೋಗುತ್ತವೆ, ಇಲ್ಲವೇ ಒಂದು ಓರೆಯಾಗಿ ಹೋಗುತ್ತದೆ. ಓರೆಯಾದ ಹಾಳೆಯಲ್ಲಿ ಸಾಲುಗಳೇ ಒಂದರೊಳಗೊಂದು ಬೆರೆಯುತ್ತವೆ. ಆ ತಿಂಗಳುಗಳಲ್ಲಿ ಒಂದೊಂದೇ ಹಾಳೆಯನ್ನು ಗಾಜಿನ ಮೇಲೆ ಅಂಗೈಯಿಂದ ಸವರಿ ಹರಡಿ, ಮುಚ್ಚಳ ಒತ್ತಿ ಹಿಡಿದು ಸ್ಕ್ಯಾನ್ ಮಾಡಿ. ನಿಧಾನವಾದರೂ ಆಮೇಲಿನ ತಿದ್ದುವ ಕೆಲಸ ಉಳಿಯುತ್ತದೆ. ಹಾಳೆಗಳನ್ನು ಒಲೆಯ ಹತ್ತಿರ ಒಣಗಿಸಲು ಇಡಬೇಡಿ, ಸುರುಳಿ ಸುತ್ತಿಕೊಂಡರೆ ಮತ್ತೆ ಚಪ್ಪಟೆಯಾಗುವುದಿಲ್ಲ.

ಮೊತ್ತ ಸರಿಯಿದ್ದೂ ತಪ್ಪಿರುವುದು

ನನಗೆ ಹೆಚ್ಚು ಆತಂಕ ಇರುವುದು ಈ ದೋಷದ ಬಗ್ಗೆ. ಲೇಬರ್ ನಂಬರನ್ನೇ ತಂತ್ರಾಂಶ ತಪ್ಪು ಓದಿದರೆ ಅಡ್ಡ ಮೊತ್ತ, ಉದ್ದ ಮೊತ್ತ ಎರಡೂ ಸೊನ್ನೆ ತೋರಿಸುತ್ತವೆ. ಹಾಜರಿ ಸರಿ, ಆದರೆ ಹಾಜರಿ ಇನ್ನೊಬ್ಬರ ಹೆಸರಿಗೆ ಹೋಗಿದೆ. 308 ಎಂಬುದು 303 ಆದರೆ ಅದೇ ಡಿವಿಷನ್‌ನಲ್ಲಿ 303 ಎರಡು ಸಲ ಬರುತ್ತದೆ. AL ಕಾಲಂ 2 ತೋರಿಸುತ್ತದೆ. 388 ಆದರೆ, ಆ ನಂಬರ್ ಪಟ್ಟಿಯಲ್ಲೇ ಇಲ್ಲದಿದ್ದರೆ, AL ಸೊನ್ನೆ ತೋರಿಸುತ್ತದೆ. 208 ಆದರೆ? ಅದು ಎರಡನೆಯ ಡಿವಿಷನ್‌ನವರ ನಂಬರ್, `Master` ಶೀಟಿನಲ್ಲಿದೆ, D3ರಲ್ಲಿ ಒಂದೇ ಸಲ ಇದೆ. AL ಒಂದು ಎಂದೇ ಹೇಳುತ್ತದೆ. ಆದ್ದರಿಂದ D3ರಲ್ಲಿ ಎಲ್ಲ ನಂಬರ್‌ಗಳೂ 3ರಿಂದ, D2ರಲ್ಲಿ 2ರಿಂದ ಶುರುವಾಗುತ್ತವೆಯೇ ಎಂದು A ಕಾಲಂ ಮೇಲೆ ಒಮ್ಮೆ ಕಣ್ಣು ಹಾಯಿಸಲೇಬೇಕು. ಕುಯ್ಲಿನ ಸಮಯದಲ್ಲಿ ಒಂದು ಡಿವಿಷನ್‌ನವರನ್ನು ಇನ್ನೊಂದಕ್ಕೆ ಕಳಿಸಿದ್ದರೆ ಮಾತ್ರ ಬೇರೆ ನಂಬರ್ ನಿಜವಾಗಿಯೂ ಇರಬಹುದು. ಮೇಸ್ತ್ರಿಯನ್ನು ಕೇಳಿದರೆ ಹೇಳುತ್ತಾರೆ. ಕುಯ್ಲಿನ ಕಿಲೋ ಲೆಕ್ಕ ಬೇರೆ ಪುಸ್ತಕದ್ದು, ಅದನ್ನು ಈ ಕಡತಕ್ಕೆ ತರಬೇಡಿ.

ಇಬ್ಬರ ದಿನಗಳು ಪರಸ್ಪರ ಅದಲುಬದಲಾಗಿದ್ದರೆ, ಅಂದರೆ ಒಬ್ಬರ 5ನೇ ತಾರೀಖಿನ ಹಾಜರಿ 6ಕ್ಕೂ ಇನ್ನೊಬ್ಬರ 6ರ ಹಾಜರಿ 5ಕ್ಕೂ ಹೋಗಿದ್ದರೆ ಈ ಸೂತ್ರಗಳಿಂದ ತಿಳಿಯುವುದಿಲ್ಲ. ಸಂಬಳದಲ್ಲಿ ವ್ಯತ್ಯಾಸ ಬರುವುದಿಲ್ಲ ನಿಜ, ಆದರೆ ದಿನವಾರು ದಾಖಲೆ ತಪ್ಪುತ್ತದೆ. ಅದಕ್ಕಾಗಿ ಪ್ರತಿ ಡಿವಿಷನ್‌ನಿಂದ ಮೂರು ನಾಲ್ಕು ಸಾಲುಗಳನ್ನು ಆರಿಸಿ ಕಾಗದದ ಜೊತೆ ಪೂರ್ತಿ ಓದಿ ನೋಡುವ ಪದ್ಧತಿ ಇಟ್ಟುಕೊಂಡಿದ್ದೇನೆ.

ಪೆನ್ನಿನ ತಿದ್ದುಪಡಿ

ಎಲ್ಲ ಸರಿಪಡಿಸಿದ ಮೇಲೂ ಕೆಲವೊಮ್ಮೆ 1 ಅಥವಾ 0.5 ಉಳಿಯುತ್ತದೆ. ಕೂಡುವ ಸೆಲ್ಲನ್ನು ಕಾಗದದಲ್ಲಿ ನೋಡಿದರೆ ರೈಟರ್ 1 ಹೊಡೆದುಹಾಕಿ 0.5 ಬರೆದು ಸಹಿ ಹಾಕಿರುತ್ತಾರೆ, ಆದರೆ ಮುದ್ರಣವಾದ ಒಟ್ಟನ್ನು ತಿದ್ದಿರುವುದಿಲ್ಲ. ಇದು ಓದಿನ ದೋಷವಲ್ಲ. ಸಹಿಯಿರುವ ತಿದ್ದುಪಡಿಯನ್ನು ಸೆಲ್‌ನಲ್ಲಿ ಹಾಕಿ, ಆ ಸೆಲ್‌ಗೆ ಹಳದಿ ಬಣ್ಣ ಕೊಟ್ಟು, AM ಕಾಲಂನಲ್ಲಿ ಕಾರಣ ಬರೆಯಿರಿ. AJನಲ್ಲಿ −0.5 ಹಾಗೆಯೇ ಇರಲಿ. ಸಹಿ ಇಲ್ಲದ ತಿದ್ದುಪಡಿಯನ್ನು ಒಪ್ಪಬೇಡಿ, ಹಾಗೆಂದು ತಳ್ಳಿಹಾಕಲೂಬೇಡಿ. ಡಿವಿಷನ್‌ಗೆ ಫೋನ್ ಮಾಡಿ ರೈಟರನ್ನು ಕೇಳಿ, ಮಾರನೆಯ ದಿನದ ಜೀಪಿನಲ್ಲಿ ಹಾಳೆ ಕಳಿಸಿ ಸಹಿ ಮಾಡಿಸಿ ತರಿಸಿ.

ಸೊನ್ನೆ ಬರಲಿ ಎಂದು AH ಕಾಲಂನ ಅಂಕಿಯನ್ನಾಗಲಿ 62ನೇ ಸಾಲನ್ನಾಗಲಿ ಯಾವ ಕಾರಣಕ್ಕೂ ಬದಲಿಸಬೇಡಿ. ಅವು ಕಾಗದದ ಅಂಕಿಗಳು. ತಂತ್ರಾಂಶ ಅವನ್ನೇ ತಪ್ಪು ಓದಿದ್ದರೆ ಕಾಗದ ನೋಡಿ ಸರಿಪಡಿಸಬಹುದು, ಅಷ್ಟೇ. ಒಂದು 1 ಎಂದರೆ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ತೋಟದಲ್ಲಿ ನಿಂತ ಒಬ್ಬರ ಒಂದು ದಿನದ ಕೂಲಿ. ಅದನ್ನು ನಮ್ಮ ಅನುಕೂಲಕ್ಕೆ ಮುಚ್ಚಿಹಾಕುವ ಹಕ್ಕು ನಮಗಿಲ್ಲ.

ಒಟ್ಟು ಶೀಟ್

ನಾಲ್ಕೂ ಶೀಟ್ ತಾಳೆಯಾದ ಮೇಲೆ `Total` ಶೀಟಿನ A4ರಲ್ಲಿರುವ ಈ ಸೂತ್ರ ಎಲ್ಲವನ್ನೂ ಒಂದರ ಕೆಳಗೊಂದು ಜೋಡಿಸುತ್ತದೆ:

```
=LET(t,VSTACK('D1:D4'!A4:AH60),FILTER(t,CHOOSECOLS(t,1)<>""))
```

`D1:D4` ಎಂದರೆ ಕೆಳಗಿನ ಪಟ್ಟಿಯಲ್ಲಿ D1 ಮತ್ತು D4ರ ನಡುವೆ ನಿಂತಿರುವ ಎಲ್ಲ ಶೀಟ್‌ಗಳು. D3ನ್ನು ಎಳೆದು D4ರ ಆಚೆಗೆ ಇಟ್ಟರೆ ಆ ಡಿವಿಷನ್ ಪೂರ್ತಿ ಲೆಕ್ಕದಿಂದ ಹೊರಗುಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ನಡುವೆ ಬೇರೆ ಶೀಟ್ ಸೇರಿಸಿದರೆ ಅದೂ ಒಳಗೆ ಬರುತ್ತದೆ. ಆದ್ದರಿಂದ ಕೊನೆಗೆ ನಾಲ್ಕು ಕಾಗದಗಳ ತಲೆಸಂಖ್ಯೆ ಕೂಡಿಸಿ `Total` ಶೀಟಿನ ಸಾಲುಗಳ ಸಂಖ್ಯೆಗೆ ಹೋಲಿಸಿ. ಡಿವಿಷನ್ ಬದಲಾಗಿ ಕೆಲಸ ಮಾಡಿದವರು ಎರಡು ಸಾಲಿನಲ್ಲಿ ಇರುತ್ತಾರೆ, ಅದು ಸರಿಯೇ. ಖಾಲಿ ಚೌಕಗಳು ಇಲ್ಲಿ 0 ಆಗಿ ಕಾಣುತ್ತವೆ, ಅದರಿಂದ ತೊಂದರೆಯಿಲ್ಲ. ಸೂತ್ರದ ಕೆಳಗೆ ಯಾವುದೇ ಸೆಲ್‌ನಲ್ಲಿ ಏನಾದರೂ ಬರೆದಿದ್ದರೆ ಮಾತ್ರ ಪಟ್ಟಿಯ ಬದಲು `#SPILL!` ಎಂದು ಬರುತ್ತದೆ. ಬರೆದದ್ದನ್ನು ಅಳಿಸಿದರೆ ಸರಿಹೋಗುತ್ತದೆ.

ತಿಂಗಳು ಮುಗಿದ ಏಳು ದಿನದೊಳಗೆ ಸಂಬಳ ಕೊಡಬೇಕೆಂಬುದು ಕಾನೂನು. ಆದ್ದರಿಂದ ಹಾಳೆಗಳು 2ನೇ ತಾರೀಖಿನೊಳಗೆ ಬರದಿದ್ದರೆ 3ರ ಬೆಳಿಗ್ಗೆಯೇ ಮ್ಯಾನೇಜರ್‌ಗೆ ತಿಳಿಸಿ. ಮಳೆಗಾಲದಲ್ಲಿ ಹೊಳೆ ಉಕ್ಕಿ ಮೂರನೆಯ ಡಿವಿಷನ್‌ನ ದಾರಿ ಮುಚ್ಚುವುದುಂಟು. ಆಗ ಮೊದಲು ಉಳಿದ ಮೂರು ಡಿವಿಷನ್ ಮುಗಿಸಿಡಿ. ರೈಟರ್ ಮೊಬೈಲ್‌ನಲ್ಲಿ ಚಿತ್ರ ತೆಗೆದು ಕಳಿಸಿದರೆ ಅದನ್ನು ತಂತ್ರಾಂಶಕ್ಕೆ ಕೊಡದೆ ನೋಡಿಕೊಂಡು ಕೈಯಿಂದ ಹೊಡೆಯಿರಿ, ಕಾಗದ ಬಂದ ಮೇಲೆ ಮತ್ತೆ ತಾಳೆ ನೋಡಿ.

ಕಡತದ ಹೆಸರು `Hajari_2025_07.xlsx` ಎಂಬ ಕ್ರಮದಲ್ಲಿರಲಿ, ಸ್ಕ್ಯಾನ್ ಚಿತ್ರಗಳು ಅದೇ ಹೆಸರಿನ ಫೋಲ್ಡರ್‌ನಲ್ಲಿರಲಿ. ಸಂಬಳ ಪಟ್ಟಿಗೆ ಸಹಿಯಾದ ಮೇಲೆ ಎರಡನ್ನೂ ಕಚೇರಿಯ ಕಬ್ಬಿಣದ ಬೀರುವಿನಲ್ಲಿರುವ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಮೂಲ ಹಾಳೆಗಳನ್ನು ಡಿವಿಷನ್‌ವಾರು ಕಟ್ಟಿ ಅದೇ ಬೀರುವಿನ ಮೇಲಿನ ಅರೆಯಲ್ಲಿಡಿ. ಕೆಳಗಿನ ಅರೆಗೆ ಥಂಡಿ ಹತ್ತುತ್ತದೆ.